ಸೊಸೆ ಓದಿದ ಪತ್ರ

ಚಿಕ್ಕೋಡಿಯಲ್ಲಿ ನಾನು ಕಿರಿಯ ವಕೀಲನಾಗಿದ್ದಾಗ, ನಮ್ಮ ಸಾಹೇಬರು ಅಥಣಿ ಕಡೆಯ ಹಿರಿಯ ಕಕ್ಷಿದಾರರೊಬ್ಬರಿಗೆ ಪತ್ರ ಬರೆಸಿದರು. ಅವರಿಬ್ಬರೂ ಒಂದೇ ಶಾಲೆಯಲ್ಲಿ ಕಲಿತ ಗೆಳೆಯರು. “ಸೋಮವಾರ ತಾರೀಖು ಐತಿ. ಹೊಲದ ಉತಾರ ತಗೊಂಡು ನೀ ಬಾ” ಎಂದು ಹೇಳಿದರು. ಉತಾರವೆಂದರೆ ನಮ್ಮ ಕಡೆ ಪಹಣಿ. ಎಪ್ಪತ್ತು ದಾಟಿದ ಕಕ್ಷಿದಾರರಿಗೆ ಏಕವಚನವೇ? ನನ್ನ ಪೆನ್ನು ನಿಂತಿತು.

“ಬರಿಯಪಾ. ‘ಬರ್ರಿ’ ಅಂತ ರಿ ಹಚ್ಚಿದ್ರ ಅಂವ ಮುನಿಸ್ಕೋತಾನ” ಎಂದು ಗದರಿದರು. ಒಲ್ಲದ ಮನಸ್ಸಿನಿಂದ ಬರೆದೆ.

ಅಥಣಿ ಕೋರ್ಟಿನಲ್ಲಿ ಕೆಲಸವಿದ್ದುದರಿಂದ ಪತ್ರವನ್ನು ನಾನೇ ಒಯ್ದೆ. ದ್ರಾಕ್ಷಿ ತೋಟದ ಮನೆಯ ಪಡಸಾಲೆಯಲ್ಲಿ ಯಜಮಾನರು ಕುಳಿತಿದ್ದರು. ಕಣ್ಣು ಮಂದವಾಗಿದ್ದರಿಂದ ಅವರ ಪತ್ರಗಳನ್ನು ಸೊಸೆಯೇ ಓದುತ್ತಿದ್ದರು. ಆಕೆ ತಲೆಯ ಮೇಲೆ ಸೆರಗು ಎಳೆದುಕೊಂಡು, ಬಾಗಿಲ ಬದಿಗೆ ನಿಂತು ಪತ್ರ ಬಿಡಿಸಿದಾಗ ನಾನು ಬರೆದ ಏಕವಚನ ನೆನಪಾಯಿತು. ಮಾವನ ಮುಂದೆ ಆ ಬಾಯಿಂದ ‘ನೀ ಬಾ’ ಬರುವುದು ಹೇಗೆ?

ಆಕೆ ಒಂದು ಕ್ಷಣವೂ ತಡವರಿಸಲಿಲ್ಲ. “ಸೋಮವಾರ ತಾರೀಖು ಐತ್ರಿ. ಹೊಲದ ಉತಾರ ತಗೊಂಡು ನೀವು ಬರಬೇಕಂತ್ರಿ.”

ಯಜಮಾನರು ಗಹಗಹಿಸಿ ನಕ್ಕರು. “ಅಂವ ನನಗ ಎಂದಾರ ಹಿಂಗ ಬರದಾನೇನವಾ? ಇದ್ದಂಗ ಓದು.”

“ಇದ್ದಂಗ ಓದೀನ್ರಿ” ಎಂದು ಆಕೆ ಪತ್ರ ಮಡಚಿದರು.

ಕಾನೂನು ಓದಿದ್ದೇನೆಂದು ಬೀಗುತ್ತಿದ್ದ ನಾನು ಬೆರಗಾಗಿ ಕುಳಿತೆ. ಮರುದಿನ ಸಾಹೇಬರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಆ ಮನಿಗೆ ಇನ್ನ ಮ್ಯಾಲ ರಿ ಹಚ್ಚಿ ಬರಿ” ಎಂದರು. “ಅಂವ ಮುನಿಸ್ಕೊಂಡ್ರ ಮುನಿಸ್ಕೊಳ್ಳಲಿ. ಓದೂದು ಅಂವಲ್ಲ, ಆಕಿ.”