ದಿಂಬಿನ ಮೇಲೆ ಒಂದು ಗೇಣು

ಬೆಂಕಿಯಿಲ್ಲದೆ ಹೊಗೆಯಾಡದು ಎನ್ನುತ್ತಾರೆ. ನನ್ನ ಅಕ್ಕ ಅರ್ಧ ಆಯಸ್ಸು ಬೆಂಕಿಯಿಲ್ಲದೆ ಹೊಗೆಯಾಡಿಸಿಯೇ ಅನ್ನ ತಿಂದವಳು. ಹೋಟೆಲಿನ ಬೋರ್ಡಿನಲ್ಲಿ ತಣ್ಣಗಿರುವ ಕಾಫಿ ಲೋಟಕ್ಕೆ ಆವಿ ಬರಿಸುವುದು, ನಾಟಕದ ಪೋಸ್ಟರಿನಲ್ಲಿ ರಾಜನ ಹಿಂದೆ ಕೋಟೆ ಉರಿಸುವುದು, ಪುಸ್ತಕದ ಮುಖಪುಟದಲ್ಲಿ ಒಲೆಯ ಕೆಂಡ ನಿಗಿನಿಗಿ ಅನ್ನುವಂತೆ ಮಾಡುವುದು, ಇವೆಲ್ಲ ಅವಳ ಕೆಲಸ. ಬೀದಿಯವರು ಅವಳನ್ನು ಹೊಗೆಯಕ್ಕ ಎಂದೇ ಕರೆಯುತ್ತಿದ್ದರು. ನನ್ನ ಹೊಲಿಗೆ ಅಂಗಡಿ ಕೆಳಗೆ, ಅವಳ ಸ್ಟುಡಿಯೋ ಅದರ ಮೇಲಿನ ಮಹಡಿಯಲ್ಲಿ. ಮದುವೆ ಬೇಡವೆಂದು ಹಟ ಹಿಡಿದು ಗೆದ್ದವಳು. ನನ್ನ ಜೊತೆ, ನಮ್ಮ ಅಮ್ಮನ ಜೊತೆ ಒಂದೇ ಮನೆಯಲ್ಲಿದ್ದಳು.

ಅವಳು ಕೆಲಸ ಮಾಡುವಾಗ ನೋಡುತ್ತಾ ಕೂರುವುದೆಂದರೆ ನನಗೆ ಇಷ್ಟ, ಅವಳಿಗೆ ಕಷ್ಟ. "ಉಸಿರು ಬಿಡಬೇಡ, ಹೊಗೆ ಚದರತ್ತೆ," ಅನ್ನುತ್ತಿದ್ದಳು. ಕಂಪ್ಯೂಟರಿನಲ್ಲಿ ಅದೆಂಥ ಚದರುವುದು! ಆದರೂ ನಾನು ಸೆರಗು ಮೂಗಿಗೆ ಹಿಡಿದು ಕೂರುತ್ತಿದ್ದೆ. ಮೂಲ ಫೋಟೋವನ್ನು ಅವಳು ಮುಟ್ಟುತ್ತಲೇ ಇರಲಿಲ್ಲ. ಅದರ ಮೇಲೆ ಒಂದೊಂದೇ ಪದರ ಹಾಸಿಕೊಂಡು, ಅಂಚು ಮೆತ್ತಗಿರುವ ದೊಡ್ಡ ಬ್ರಷ್ಷಿನಿಂದ, ಬಣ್ಣ ಇಳಿಯಿತೋ ಇಲ್ಲವೋ ಅನ್ನುವಷ್ಟು ಹಗುರವಾಗಿ ಸವರುತ್ತಾ ಹೋಗುವಳು. ಆಮೇಲೆ ಅದೇ ಮೆತ್ತನೆ ಬ್ರಷ್ಷಿನಲ್ಲಿ ಅಲ್ಲಲ್ಲಿ ಅಳಿಸುವಳು. ಹೊಗೆ ಹುಟ್ಟುವುದು ಅಳಿಸುವಾಗಲೇ ಎಂಬುದು ಅವಳ ವಾದ. ಆವಿಯಾದರೆ ಪಾತ್ರೆಯ ಬಾಯಿಗೆ ಅಂಟಿಸಬಾರದು, ಚೂರು ಮೇಲಿನಿಂದ ಶುರುಮಾಡಬೇಕು, ಬೇಗ ಮಾಯವಾಗಬೇಕು, ಹಿಂದೆ ಕಪ್ಪು ಇದ್ದರೆ ಮಾತ್ರ ಕಾಣುತ್ತದೆ. ಕೆಂಡಕ್ಕೆ ಚಿಕ್ಕ ಚುಕ್ಕೆ, ಸುತ್ತ ಕಿತ್ತಳೆ ಬಣ್ಣದ ಓವರ್‌ಲೇ ಪದರ. ಓವರ್‌ಲೇ ಅಂದರೆ ಕೆಳಗಿನ ಬೆಳಕನ್ನು ಇನ್ನಷ್ಟು ಬೆಳಗಿಸಿ ನೆರಳನ್ನು ಇನ್ನಷ್ಟು ಕಪ್ಪಾಗಿಸುವ ಪದರ. ಕೆಳಗೆ ಪೂರಾ ಕಡುಗಪ್ಪಿದ್ದರೆ ಮಾತ್ರ ಅದರ ಆಟ ನಡೆಯದು. "ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ," ಎಂದು ಗೊಣಗಿ, ಮೊದಲು ಆ ಕಪ್ಪನ್ನು ಒಂದಿಷ್ಟು ತಿಳಿ ಮಾಡಿಕೊಳ್ಳುವಳು.

ಒಂದು ಚಳಿಗಾಲ ಅಗ್ನಿಶಾಮಕ ದಳದಲ್ಲಿ ಹೊಸಬರಿಗೆ ತರಬೇತಿ ಕೊಡುವ ಮೇಷ್ಟ್ರು ಮೆಟ್ಟಿಲು ಹತ್ತಿ ಬಂದರು. ಗಟ್ಟಿ ಮೀಸೆ, ಅದಕ್ಕಿಂತ ಗಟ್ಟಿ ದನಿ. ಒಂದು ಸಾಮಾನ್ಯ ಮನೆಯ ಫೋಟೋ ತೆಗೆದು, ಅದರಲ್ಲಿ ಹೊಗೆ ಹಂತಹಂತವಾಗಿ ತುಂಬುವುದನ್ನು ತೋರಿಸಬೇಕು. ಹುಡುಗರು ಹೊಗೆ ನೋಡಿ ಬೆಂಕಿ ಎಲ್ಲಿದೆ ಎಂದು ಹೇಳಬೇಕು, ಅದು ಪಾಠ. "ಚೆಂದಕ್ಕೆ ಬಿಡಿಸಬೇಡಿ ತಾಯಿ. ನಿಮ್ಮ ಚಿತ್ರ ಸುಳ್ಳು ಹೇಳಿದ್ರೆ ನನ್ನ ಹುಡುಗರು ತಪ್ಪು ಬಾಗಿಲು ತೆಗೀತಾರೆ," ಎಂದರು. ಹೊಗೆ ಮೊದಲು ಸೂರಿಗೆ ಹೋಗಿ ಚಾವಣಿಗೆ ಹರಡಿಕೊಳ್ಳುತ್ತದೆ, ಆಮೇಲೆ ಒಂದೇ ಮಟ್ಟದಲ್ಲಿ ಕೆಳಗಿಳಿಯುತ್ತದೆ, ನೆಲದ ಹತ್ತಿರ ಕೊನೆಯ ತನಕ ಉಸಿರಿಗೆ ಗಾಳಿ ಉಳಿದಿರುತ್ತದೆ ಎಂದೆಲ್ಲ ಅವರು ಹೇಳಿದ್ದನ್ನು ಅಕ್ಕ ಶಾಲೆಯ ಹುಡುಗಿಯಂತೆ ಕೇಳಿಸಿಕೊಂಡಳು.

ಫೋಟೋಕ್ಕೆ ಅವಳಿಗೆ ಸಿಕ್ಕಿದ್ದು ನಮ್ಮದೇ ಮನೆ.

"ಬೆಂಕಿ ಇಡೋಕೆ ಬೇರೆ ಯಾರ ಮನೇನೂ ಸಿಗಲಿಲ್ವೇನೇ?" ಎಂದೆ ನಾನು.

"ಬೇರೆಯವರ ಮನೆಗೆ ಇಟ್ರೆ ಬೈತಾರೆ. ನಿಮಗೆ ಬೈಯೋ ಅಭ್ಯಾಸ ಇದ್ದೇ ಇದೆ," ಎಂದಳು.

ಅಮ್ಮ ಮಾತ್ರ ನಗಲಿಲ್ಲ. ಅಮ್ಮನಿಗೆ ಕಿವಿ ಮಂದ. ಏನು ನಡೆಯುತ್ತಿದೆ ಎಂದು ನಾನು ಕೂಗಿ ಹೇಳಬೇಕಾಯಿತು. ಕೇಳಿದವಳೇ ಮಂಚದ ಮೇಲೆ ಎದ್ದು ಕೂತಳು. "ಬಿಡ್ತು ಅನ್ನು. ವಾಸ ಮಾಡೋ ಮನೇನ ಯಾರಾದ್ರೂ ಹಾಗೆ ಬರೀತಾರಾ? ನಾನು ಮಲಗೋ ಜಾಗ ಅದು," ಎಂದಳು. ಅಕ್ಕ "ಬಿಡ್ತು" ಎಂದಳು, ಆದರೆ ಫೋಟೋ ತೆಗೆಯುವುದನ್ನು ಬಿಡಲಿಲ್ಲ. ಪಡಸಾಲೆ, ಓಣಿಯಂಥ ನಡುಮನೆ, ಕೊನೆಗೆ ಪರದೆ ಎಳೆದು ಮಬ್ಬಾಗಿಸಿದ ಅಮ್ಮನ ಕೋಣೆ. ಎಡಗಡೆ ಕಿಟಕಿಯ ಕೆಳಗೆ ಮಂಚ, ಬಲಗಡೆ ದೊಡ್ಡ ಮರದ ಬೀರು.

ಪಡಸಾಲೆ ಸಲೀಸಾಗಿ ಉರಿಯಿತು. ನಡುಮನೆಯೂ ಆಯಿತು. ಅಮ್ಮನ ಕೋಣೆಗೆ ಬಂದಾಗ ಅಕ್ಕನ ಕೆಲಸ ಕುಂಟತೊಡಗಿತು. ಕಿಟಕಿಯ ಪರದೆಗೆ ಬೆಂಕಿ ಹಚ್ಚಿ ಹೊಗೆಯನ್ನು ಚಾವಣಿಗೆ ಹರಡಿ ಕೆಳಗೆ ಇಳಿಸುತ್ತಾ ಇಳಿಸುತ್ತಾ ಬಂದವಳು ದಿಂಬಿಗಿಂತ ಒಂದು ಗೇಣು ಮೇಲೆ ನಿಂತುಬಿಟ್ಟಳು. ಮೇಷ್ಟ್ರು ಫೋನಿನಲ್ಲಿ ಚಿತ್ರ ನೋಡಿ ಹೇಳಿದರು: "ಕೊನೇ ಚಿತ್ರ ಅಲ್ವಾ? ಅಷ್ಟು ಹೊತ್ತಿಗೆ ಹೊಗೆ ಮಂಚ ದಾಟಿ ನೆಲದ ಹತ್ತಿರ ಬಂದಿರತ್ತೆ. ಇಳಿಸಿ." ಅಕ್ಕ ಹೂಂ ಎಂದಳು, ಇಳಿಸಲಿಲ್ಲ. ಕೇಳಿದರೆ, "ಬ್ರಷ್ ಹಿಡಿದ್ರೆ ಅಮ್ಮನ ಮುಖದ ಮೇಲೆ ಬಟ್ಟೆ ಹಾಕಿದ ಹಾಗಾಗತ್ತೆ ಕಣೆ," ಎಂದಳು. ನನಗೆ ಸಿಟ್ಟು ಬಂತು. ಮಂಚ ಖಾಲಿಯಿತ್ತಲ್ಲ, ಅದರಲ್ಲಿ ಅಮ್ಮ ಎಲ್ಲಿದ್ದಳು?

ಮೇಷ್ಟ್ರು ಖುದ್ದಾಗಿ ಬಂದರು. ಮಧ್ಯಾಹ್ನ, ಅಂಗಡಿಯ ಬಾಗಿಲು ಅರ್ಧ ಎಳೆದು ನಾನೂ ಮೇಲೆ ಹೋಗಿದ್ದೆ. ಅವರು ಕಂಪ್ಯೂಟರಿನ ಪರದೆಯ ಹತ್ತಿರ ಮೂಗು ತಂದು ಸುಮಾರು ಹೊತ್ತು ನೋಡಿದರು.

"ಬೆಂಕಿ ಎಲ್ಲಿಟ್ಟಿದೀರಿ?"

"ಕಿಟಕಿ ಪರದೇಲಿ," ಎಂದಳು ಅಕ್ಕ.

"ಮತ್ತೆ ಬೀರು ಹಿಂದೆ ಯಾಕಿಟ್ರಿ?"

"ಅಲ್ಲಿ ನಾನೇನೂ ಬಿಡಿಸಿಲ್ಲ."

ಅವರು ಬೆರಳು ತೋರಿಸಿದ ಕಡೆ ನಾನೂ ನೋಡಿದೆ. ಬೀರುವಿನ ತಲೆಯ ಮೇಲಿನ ಗೋಡೆಯಲ್ಲಿ, ಕೆಳಗೆ ಕಿರಿದಾಗಿ ಮೇಲೆ ಅಗಲವಾಗಿ, ಬೀಸಣಿಗೆ ಬಿಚ್ಚಿದ ಹಾಗೆ ಕಂದು ಹೊಗೆ. ಅಕ್ಕ ತಲೆ ಅಲ್ಲಾಡಿಸಿದಳು. ಪದರಗಳ ಪಟ್ಟಿಗೆ ಹೋಗಿ, ಪ್ರತಿ ಪದರದ ಪಕ್ಕ ಇರುವ ಕಣ್ಣಿನ ಗುರುತನ್ನು ಒತ್ತುತ್ತಾ ಒಂದೊಂದನ್ನೇ ಮುಚ್ಚಿದಳು. ಮುಂದಿನ ಹೊಗೆ ಹೋಯಿತು. ಹಿಂದಿನ ಹೊಗೆ ಹೋಯಿತು. ಕಿಡಿಗಳು ಹೋದವು. ಕಿಟಕಿಯ ಬೆಂಕಿ ಆರಿತು. ಬೀರುವಿನ ಮೇಲಿನದ್ದು ಹೋಗಲಿಲ್ಲ. ಉಳಿದಿದ್ದು ಗೋಡೆಯ ಮೇಲೆ ಬೆಂಕಿಯ ಬೆಳಕು ಬೀಳಿಸಿದ ಓವರ್‌ಲೇ ಪದರ ಒಂದೇ. ಅದನ್ನೂ ಮುಚ್ಚಿದಳು. ಕಂದು ಬಣ್ಣ ತೆಳ್ಳಗಾಯಿತು, ಕಂಡೂ ಕಾಣದ ಹಾಗಾಯಿತು, ಆದರೆ ಇತ್ತು. ಕೈ ಮುಟ್ಟದ ಮೂಲ ಫೋಟೋದಲ್ಲೇ ಇತ್ತು.

ಯಾರೂ ಬಿಡಿಸದ ಹೊಗೆ ನಮ್ಮ ಮನೆಯ ಗೋಡೆಯ ಮೇಲೆ ಸುಮ್ಮನೆ ಕೂತಿತ್ತು.

"ಬೀರು ಹಿಂದೆ ಏನಿದೆ?" ಮೇಷ್ಟ್ರ ದನಿ ಈಗ ಸಣ್ಣದಾಗಿತ್ತು.

"ಒಂದು ಹಳೇ ಸಾಕೆಟ್," ಎಂದೆ. "ಅದರಿಂದ ವೈರ್ ಎಳೆದು ಅಮ್ಮನ ಹೀಟರಿಗೆ ಹಾಕಿದೀವಿ. ಮಂಡಿ ನೋವು ಅಂತ ಊಟ ಆದ್ಮೇಲೆ ಹಚ್ಕೊಂಡು ಮಲಗ್ತಾಳೆ."

"ಈಗ ಮಲಗಿದಾರಾ?"

ಅಕ್ಕ ಫೋನ್ ಮಾಡಿದಳು. ಅಮ್ಮ ಎತ್ತಲಿಲ್ಲ. ಕಿವಿ ಕೇಳದವಳು, ನಿದ್ದೆಯಲ್ಲಿ ಎತ್ತುವವಳೂ ಅಲ್ಲ. ಮನೆ ಎರಡು ಬೀದಿ ಆಚೆ. ಮೇಷ್ಟ್ರು ಓಡುತ್ತಲೇ ತಮ್ಮ ಠಾಣೆಗೆ ಫೋನ್ ಮಾಡುತ್ತಿದ್ದರು. ಅಕ್ಕನ ಒಂದು ಚಪ್ಪಲಿ ದಾರಿಯಲ್ಲೇ ಉಳಿಯಿತು.

ಮನೆ ಹೊರಗಿನಿಂದ ಎಂದಿನಂತೆಯೇ ಇತ್ತು. ಒಳಗೆ ಕಾಲಿಟ್ಟರೆ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ನಡುಮನೆಯ ಕೊನೆಯಲ್ಲಿ ಅಮ್ಮನ ಕೋಣೆಯ ಮುಚ್ಚಿದ ಬಾಗಿಲು. ಅದರ ಮೇಲಿನ ಸಂದಿಯಿಂದ ಬೂದು ಹೊಗೆ ತೆಳ್ಳಗೆ, ಆತುರವಿಲ್ಲದೆ ಹೊರಬಂದು ಚಾವಣಿಗೆ ಅಂಟಿಕೊಂಡು ನಮ್ಮ ಕಡೆ ಬರುತ್ತಿತ್ತು. ಅಕ್ಕ ನಡುಮನೆಯ ಚಿತ್ರದಲ್ಲಿ ಬಿಡಿಸಿದ್ದು ಇದೇ ಬಾಗಿಲು, ಇದೇ ಹೊಗೆ. ಅವಳು ಗೋಡೆಗೆ ಒರಗಿ, "ಇದು ನಂದು, ಇದು ನಾನು ಬಿಡಿಸಿದ್ದು," ಎನ್ನತೊಡಗಿದಳು.

ನಾನು ಮೇನ್ ಸ್ವಿಚ್ ಆರಿಸಿದೆ. ಮೇಷ್ಟ್ರು ಬಾಗಿಲಿಗೆ ಅಂಗೈಯ ಹಿಂಭಾಗ ಒತ್ತಿ ಕೆಳಗಿನಿಂದ ಮೇಲಕ್ಕೆ ಮುಟ್ಟುತ್ತಾ ಹೋದರು. ಬಿಸಿಯಿರಲಿಲ್ಲ. ನೆಲಕ್ಕೆ ಕೂತು ಬಾಗಿಲನ್ನು ಚೂರೇ ತೆರೆದರು. ಒಳಗೆ ಅರ್ಧ ಕೋಣೆ ಇರಲೇ ಇಲ್ಲ. ಬೀರುವಿನ ತಲೆ ಇಲ್ಲ, ಕಿಟಕಿ ಇಲ್ಲ, ಕಪ್ಪಗೆ ಸಮತಟ್ಟಾಗಿ ಕಡಿದ ಹಾಗೆ.

"ಎಡಗಡೆ ಗೋಡೆ ಹಿಡ್ಕೊಂಡು ಹೋಗಿ," ಎಂದಳು ಅಕ್ಕ. ಎಲ್ಲಿಂದ ಬಂತೋ ಆ ದನಿ. "ನಡುವೆ ಸ್ಟೂಲ್ ಇದೆ, ದಾಟಿದ್ರೆ ಮಂಚ. ತಲೆ ಕಿಟಕಿ ಕಡೆ."

ಅವರು ತೆವಳುತ್ತಾ ಹೋದರು. ಬಾಗಿಲು ಹೊರಗಿನಿಂದ ಒರಗಿಸಿ ಹಿಡಿದುಕೊಂಡು ನಾನು ಎಷ್ಟು ಹೊತ್ತು ನಿಂತಿದ್ದೆನೋ ತಿಳಿಯದು. ಆಮೇಲೆ ಮಂಚದ ಹೊದಿಕೆಯಲ್ಲೇ ಅಮ್ಮನನ್ನು ಎಳೆದುಕೊಂಡು ಬಂದರು. ಬೀದಿಯ ಗಾಳಿಗೆ ಬಂದ ಮೇಲೆ ಅಮ್ಮ ಕೆಮ್ಮಿದಳು, ಕಣ್ಣು ಬಿಟ್ಟಳು, ಅಕ್ಕನ ಬರಿಗಾಲು ನೋಡಿ "ಚಪ್ಪಲಿ ಎಲ್ಲೇ?" ಎಂದಳು. ನಾನು ಅಲ್ಲೇ ಕುಸಿದು ಕೂತು ಗೊಳೋ ಎಂದು ಅತ್ತೆ.

ಠಾಣೆಯವರು ಬಂದು ಬೆಂಕಿ ಆರಿಸಿದರು. ಅಮ್ಮ ಆಸ್ಪತ್ರೆಯಿಂದ ಬೇಗನೇ ಬಂದಳು. ಎಲೆಕ್ಟ್ರಿಷಿಯನ್ ಬೀರು ಸರಿಸಿ ಕರಕಲಾದ ಸಾಕೆಟ್ ತೋರಿಸಿದ. ಬೀರು ಒತ್ತಿ ವೈರು ನಜ್ಜುಗುಜ್ಜಾಗಿತ್ತು. ಹೀಟರ್ ಹಚ್ಚಿದಾಗಲೆಲ್ಲ ಸ್ವಲ್ಪಸ್ವಲ್ಪ ಬೇಯುತ್ತಾ ಬಂದು ಗೋಡೆಗೆ ಕಂದು ಹಿಡಿಸಿತ್ತು, ಅವತ್ತು ಹೊತ್ತಿಕೊಂಡಿತ್ತು. ಇದರಲ್ಲಿ ಮಾಯೆ ಮಂತ್ರ ಏನೂ ಇಲ್ಲ. ನಾನು ಅಂಥದ್ದನ್ನು ನಂಬುವವಳೂ ಅಲ್ಲ.

ಆದರೆ ಗೋಡೆಗೆ ಬಣ್ಣ ಬಳಿಯುವ ಮೊದಲು ಅಕ್ಕ ನನ್ನ ಕೈ ಹಿಡಿದು ಆ ಕೋಣೆಗೆ ಕರೆದುಕೊಂಡು ಹೋದಳು. ಹೊಗೆ ಇಳಿದು ನಿಂತಲ್ಲಿ ನಾಲ್ಕೂ ಗೋಡೆಗೆ ಮಸಿಯ ಗೆರೆ ಬಿದ್ದಿತ್ತು. ಮೇಲೆ ಕಪ್ಪು, ಕೆಳಗೆ ಬಿಳಿ. ಅಕ್ಕ ಮಂಚದ ಪಕ್ಕ ಬಗ್ಗಿ ಹೆಬ್ಬೆರಳನ್ನು ದಿಂಬಿನ ಮೇಲಿಟ್ಟು ಮೇಲಕ್ಕೆ ಗೇಣು ಹಾಕಿದಳು. ಕಿರುಬೆರಳು ಸರಿಯಾಗಿ ಗೆರೆಗೆ ತಾಕಿತು.

"ಹೊಗೆಯ ಲೆಕ್ಕ ನಿನಗೆ ಗೊತ್ತಲ್ಲ, ಅದಕ್ಕೇ ಸರಿ ಹೋಗಿದೆ," ಎಂದೆ.

"ಲೆಕ್ಕ ಹಾಕಿದ್ದಿದ್ರೆ ಕೆಳಗೆ ಇಳಿಸಬೇಕಿತ್ತು. ಮೇಷ್ಟ್ರು ಹೇಳಿದ್ದು ಅದನ್ನೇ ಅಲ್ವಾ? ನಾನು ಇಳಿಸಲಿಲ್ಲ, ಅಷ್ಟೇ."

ನಾನೂ ಬಗ್ಗಿ ದಿಂಬಿನ ಮೇಲೆ ಗೇಣಿಟ್ಟು ನೋಡಿದೆ.

ಕೋಣೆಗೆ ಹೊಸ ಸುಣ್ಣ, ಹೊಸ ವೈರು ಬಂತು. ಅಮ್ಮ ಮತ್ತೆ ಅದೇ ಮಂಚ ಬೇಕೆಂದು ಅಲ್ಲಿಗೇ ಹೋದಳು. ಒಂದು ಮಧ್ಯಾಹ್ನ ಮೇಷ್ಟ್ರ ಫೋನ್ ಬಂತು. ತರಬೇತಿ ಶುರುವಾಗುತ್ತಿದೆ, ಉಳಿದ ಚಿತ್ರಗಳೆಲ್ಲ ಚೆನ್ನಾಗಿವೆ, ಆ ಕೊನೆಯದೊಂದು ಬಾಕಿ. ಹೊಗೆಯನ್ನು ನೆಲದ ಹತ್ತಿರಕ್ಕೆ ಇಳಿಸಿ ಕಳಿಸಿದರೆ ಸಾಕು. ತಪ್ಪೇನೂ ಕೇಳಲಿಲ್ಲ ಅವರು. ಅಮ್ಮನ ಜೀವ ಉಳಿಸಿದ ಮನುಷ್ಯ, ಅವರ ಹುಡುಗರ ಜೀವದ ಮಾತು. ಅಕ್ಕ ಚಿತ್ರ ತೆರೆದು ಬ್ರಷ್ ಹಿಡಿದು ಕೂತಳು. ನಾನು ಪಕ್ಕದಲ್ಲಿದ್ದೆ.

"ಇದೆಲ್ಲ ಮೂಢನಂಬಿಕೆ ಅಂತೀಯಲ್ಲ," ಎಂದಳು. "ನೀನೇ ಹೇಳು. ಇಳಿಸಲಾ?"

ನಾನು ಗಡಿಯಾರ ನೋಡಿದೆ. ಅಮ್ಮ ಊಟ ಮುಗಿಸಿ ಮಲಗುವ ಹೊತ್ತು.

"ಬೇಡ," ಎಂದೆ.

ಅಕ್ಕ ಕಂಪ್ಯೂಟರ್ ಆರಿಸಿದಳು. ಅಮ್ಮನ ಕೋಣೆ ಬೇಡವೆಂದು ಅವಳು ಫೋನ್ ಮಾಡಿದ ಮೇಲೆ ಕೊನೆಯ ಚಿತ್ರಕ್ಕೆ ಮೇಷ್ಟ್ರು ಬೇರೆ ಮನೆಯ ಫೋಟೋ ಕಳಿಸಿದರು. ಅದರಲ್ಲೂ ಒಂದು ಮಂಚವಿತ್ತು, ಮಂಚದ ಮೇಲೆ ಯಾರದೋ ದಿಂಬಿತ್ತು. ಅದು ಯಾರ ಮನೆ ಎಂದು ನಾವಿಬ್ಬರೂ ಕೇಳಲಿಲ್ಲ. ಅಕ್ಕ ಹೊಗೆಯನ್ನು ನೆಲದ ಹತ್ತಿರಕ್ಕೆ ಇಳಿಸಿ ಕಳಿಸಿದಳು.