ಅವ್ವನ ವಯಸ್ಸು ಮರೆತು ಬರೆದ ಪತ್ರ

ಅಪ್ಪ ಇಚಲಕರಂಜಿಯ ನೂಲಿನ ಗಿರಣಿಯಿಂದ ಅರವತ್ತಕ್ಕೆ ನಿವೃತ್ತನಾದ. ಎರಡು ವಾರಕ್ಕೇ ಅವ್ವನ ಫೋನು ಬಂತು.

“ನಿಮ್ಮಪ್ಪ ಕಾಗಲದಾಗ ವಾಚಮನ್ ಕೆಲಸಕ್ಕ ಹೊಂಟಾನ. ಹನ್ನೆರಡು ತಾಸಿನ ಪಾಳಿ. ರೊಕ್ಕ ತೀರಿ ಹೋಗ್ತದ ಅಂತ ಅಂಜ್ಯಾನ. ನೀನರ ಹೇಳು.”

ನಾನು ಗಡಹಿಂಗ್ಲಜದಲ್ಲಿ ಒಬ್ಬ ತೆರಿಗೆ ಸಲಹೆಗಾರರ ಆಫೀಸಿನಲ್ಲಿ ಲೆಕ್ಕ ಬರೆಯುತ್ತೇನೆ. ಫೋನಿನಲ್ಲಿ ಏನು ಹೇಳಿದರೂ ಅಪ್ಪ ‘ಹೂಂ’ ಅಂದುಬಿಡುತ್ತಾನೆ; ಕಾಗದದ ಮೇಲಿದ್ದರೆ ಮಾತ್ರ ನಂಬುತ್ತಾನೆ. ಹಾಗಾಗಿ ಪತ್ರ ಬರೆಯಲು ಕುಳಿತೆ.

ಪಿಂಚಣಿ ತಿಂಗಳಿಗೆ ಮೂರು ಸಾವಿರ. ಸರ್ಕಾರಿ ಪಿಂಚಣಿಯಂತೆ ಅದು ತುಟ್ಟಿಭತ್ಯೆಯ ಜೊತೆ ಏರುವುದಿಲ್ಲ, ಇಪ್ಪತ್ತು ವರ್ಷದ ಮೇಲೂ ಮೂರೇ ಸಾವಿರ ಎಂದು ಹಿಡಿದೆ. ಭವಿಷ್ಯನಿಧಿ, ಗ್ರಾಚ್ಯುಟಿ, ಹಳೆಯ ಉಳಿತಾಯ ಸೇರಿ ಇಪ್ಪತ್ತಾರು ಲಕ್ಷ. ಅದರಲ್ಲಿ ಎರಡು ಲಕ್ಷ ಆಸ್ಪತ್ರೆಗೆಂದು ಬೇರೆ. ಮನೆ ಸ್ವಂತದ್ದು. ಅವ್ವ ಹೇಳಿದ ಪ್ರಕಾರ ತಿಂಗಳ ಖರ್ಚು ಹದಿಮೂರು ಸಾವಿರ: ದಿನಸಿ, ಹಾಲು, ವಿದ್ಯುತ್ತು, ಬಿಪಿ ಮಾತ್ರೆ, ಹಬ್ಬದ ಸೀರೆ, ಗೋಕಾಕದ ಕಡೆಯ ಮದುವೆಗಳಿಗೆ ಬಸ್ಸು.

“ಬೆಲೆ ವರ್ಷಕ್ಕೆ ನೂರಕ್ಕೆ ಆರರಂತೆ ಏರಿದರೆ ಹನ್ನೆರಡು ವರ್ಷಕ್ಕೆ ಖರ್ಚು ದುಪ್ಪಟ್ಟಾಗುತ್ತದೆ. ಹೆದರಬೇಡ. ಹದಿನೈದು ಲಕ್ಷ ಅಂಚೆ ಕಚೇರಿಯ ಹಿರಿಯ ನಾಗರಿಕರ ಯೋಜನೆಯಲ್ಲಿ ಇಡೋಣ. ಈಗ ಅದರ ಬಡ್ಡಿ ಮೂರು ತಿಂಗಳಿಗೊಮ್ಮೆ ಮೂವತ್ತು ಸಾವಿರದ ಏಳುನೂರೈವತ್ತು ಬರುತ್ತದೆ. ಉಳಿದದ್ದು ಬ್ಯಾಂಕಿನ ಠೇವಣಿ. ಐದು ವರ್ಷದ ಮೇಲೆ ಬಡ್ಡಿ ಇಳಿಯಬಹುದು. ಅದಕ್ಕೇ ನಾನು ಎಲ್ಲಕ್ಕೂ ನೂರಕ್ಕೆ ಏಳರಂತೆಯೇ ಹಿಡಿದಿದ್ದೇನೆ. ಮೊದಮೊದಲು ಬಡ್ಡಿ ಒಂದಿಷ್ಟು ಮಿಗುತ್ತದೆ, ಆಮೇಲೆ ಅಸಲು ಕರಗುತ್ತದೆ. ಕರಗಲಿ, ಅದಿರುವುದೇ ಅದಕ್ಕೆ. ಇಪ್ಪತ್ತನೆಯ ವರ್ಷದ ಕೊನೆಗೂ ಲಕ್ಷದಷ್ಟು ಕೈಯಲ್ಲಿರುತ್ತದೆ.”

ವರ್ಷಕ್ಕೊಂದು ಸಾಲಿನಂತೆ ಇಪ್ಪತ್ತು ಸಾಲು ಹಾಕಿ ಕಳಿಸಿದೆ. ಭಾನುವಾರ ಮನೆಗೆ ಹೋದಾಗ ಅಪ್ಪ ಅದನ್ನು ಅವ್ವನಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದ. ಮುಖ ಸಡಿಲವಾಗಿತ್ತು. ಅವ್ವ ಮೆಂತೆ ಸೊಪ್ಪು ಬಿಡಿಸುತ್ತಾ ಕೇಳಿದಳು:

“ಇಪ್ಪತ್ತು ವರ್ಷಕ್ಕ ನಿಮ್ಮಪ್ಪಗ ಎಂಬತ್ತು ಆಗ್ತದ. ನನಗ?”

“ಎಪ್ಪತ್ತಾರು,” ಅಂದೆ.

“ನಮ್ಮವ್ವ ಎಂಬತ್ತರ ಮ್ಯಾಲ ಬದುಕಿದ್ಲು. ಅಲ್ಲಿಂದ ಮುಂದ ನಾ ಏನ್ ತಿನ್ನಲಿ? ಇವರು ಮೊದಲು ಹೋದ್ರ ಪಿಂಚಣಿ ನನಗ ಬರ್ತದೋ ಇಲ್ಲೋ? ಅದನ್ನ ಬರದೇ ಇಲ್ಲಲ್ಲ.”

“ಏ, ಅಪಶಕುನ ಯಾಕ ಆಡ್ತಿ?” ಎಂದು ಅಪ್ಪ ರೇಗಿದ.

“ಶಕುನ ಅಲ್ರೀ, ಲೆಕ್ಕ ಕೇಳಾಕತ್ತೇನಿ.”

ನನಗೆ ನಾಚಿಕೆಯಾಯಿತು. ಅವ್ವನ ವಯಸ್ಸು ಮರೆತದ್ದು ನಿಜ; ಪಿಂಚಣಿಯ ಮಾತು ಮಾತ್ರ ಗೊತ್ತಿಲ್ಲದೆ ಬಿಟ್ಟದ್ದಲ್ಲ, ಬರೆಯಲು ಕೈ ಬಂದಿರಲಿಲ್ಲ. ಬರೆದಿದ್ದರೆ, ಅಪ್ಪ ಇಲ್ಲದಿದ್ದರೆ ಪಿಂಚಣಿ ಅರ್ಧಕ್ಕಿಳಿದು ಹದಿನೈದು ನೂರಾಗುತ್ತದೆ, ಆದರೆ ಒಬ್ಬಳ ಖರ್ಚೂ ಇಳಿಯುವುದರಿಂದ ರೊಕ್ಕ ಇನ್ನೂ ಹೆಚ್ಚು ದಿನ ಬರುತ್ತದೆ ಎಂದು ಬರೆಯಬೇಕಿತ್ತು. ಅಪ್ಪನಿಗೆ ಅದನ್ನು ಹೇಗೆ ಬರೆಯುವುದು?

ಮರುವಾರ ರಜೆ ಹಾಕಿ ಅವ್ವನನ್ನು ಕೊಲ್ಹಾಪುರದ ಭವಿಷ್ಯನಿಧಿ ಕಚೇರಿಗೆ ಕರೆದೊಯ್ದೆ. ಪಿಂಚಣಿ ಆದೇಶದಲ್ಲಿ ಅವ್ವನ ಹೆಸರಿತ್ತು, ಆದರೆ ಗಿರಣಿಯವರು ಅವಳ ತವರಿನ ಹೆಸರನ್ನೇ ಬರೆದು ಕಳಿಸಿದ್ದರು, ಆಧಾರಿನಲ್ಲಿ ಬೇರೆ. ಅಲ್ಲಿನ ಹೆಂಗಸು ಮರಾಠಿಯಲ್ಲಿ ತಾಳ್ಮೆಯಿಂದ ವಿವರಿಸಿದರು: ಗಿರಣಿಯ ಸಹಿಯೊಂದಿಗೆ ತಿದ್ದುಪಡಿ ಅರ್ಜಿ ಕೊಡಿ, ಈಗಲೇ ಸರಿಮಾಡಿದರೆ ಮುಂದೆ ವಿಧವಾ ಪಿಂಚಣಿಗೆ ಅಲೆದಾಟವಿಲ್ಲ. ‘ವಿಧವಾ’ ಅನ್ನುವಾಗ ಅವರು ದನಿ ತಗ್ಗಿಸಿದರು. ಅವ್ವ ಮಾತ್ರ ಯಾವ ಯಾವ ಕಾಗದ ಬೇಕೆಂದು ಎರಡು ಸಲ ಕೇಳಿಕೊಂಡಳು.

ಅಂಚೆ ಕಚೇರಿಯ ಖಾತೆಯನ್ನು ಇಬ್ಬರ ಹೆಸರಿನಲ್ಲಿ ತೆರೆದೆವು. ಎರಡನೆಯ ಪತ್ರಕ್ಕೆ ಇಪ್ಪತ್ತೈದು ಸಾಲು ಹಾಕಿದೆ. ಇಬ್ಬರೂ ಅಷ್ಟು ಕಾಲ ಇದ್ದರೆ ಇಂದಿನ ರೊಕ್ಕದ ಲೆಕ್ಕದಲ್ಲಿ ಐದೂವರೆ ಲಕ್ಷದಷ್ಟು ಕಡಿಮೆ ಬೀಳುತ್ತಿತ್ತು. ರಸ್ತೆ ಕಡೆಯ ಕೋಣೆಯನ್ನು ತಿಂಗಳಿಗೆ ಎರಡು ಸಾವಿರದ ಇನ್ನೂರಕ್ಕೆ ಬಾಡಿಗೆಗೆ ಕೊಟ್ಟು, ಬೆಲೆಯ ಜೊತೆ ಬಾಡಿಗೆಯನ್ನೂ ಏರಿಸುತ್ತಾ ಹೋದರೆ ಅದು ತುಂಬುತ್ತದೆ, ವಾಚಮನ್ ಕೆಲಸ ಬೇಕಿಲ್ಲ ಎಂದು ಬರೆದೆ. ಕೊನೆಯ ಪುಟದಲ್ಲಿ ಅಪ್ಪನಿಲ್ಲದ ಲೆಕ್ಕ, ಅವ್ವನಿಲ್ಲದ ಲೆಕ್ಕ.

ಈ ಸಲ ಅಂಚೆಗೆ ಹಾಕಲಿಲ್ಲ, ನಾನೇ ಒಯ್ದು ಕೊಟ್ಟೆ. ಅಪ್ಪ ಕೊನೆಯ ಪುಟಕ್ಕೆ ಬಂದಾಗ ಗಟ್ಟಿಯಾಗಿ ಓದುವುದನ್ನು ನಿಲ್ಲಿಸಿದ.

“ಓದ್ರೀ,” ಅಂದಳು ಅವ್ವ.

ಓದಿದ. ಅವ್ವನಿಲ್ಲದ ಲೆಕ್ಕ ಬಂದಾಗ ದನಿ ಸಣ್ಣದಾಯಿತು. ಮುಗಿದ ಮೇಲೆ ಕಾಗದ ಮಡಿಸಿದ. ಆಮೇಲೆ ನನ್ನ ಕಡೆ ತಿರುಗಿ, “ಕಾಗಲದವರಿಗೆ ಬರೂದಿಲ್ಲ ಅಂತ ಫೋನ್ ಮಾಡ್ತೇನಿ. ಆ ಕೋಣಿಗೆ ಮೊದಲು ಸುಣ್ಣ ಹಚ್ಚಿಸಬೇಕು,” ಅಂದ.

ಮುಂದಿನ ತಿಂಗಳು ಮಗ್ಗದ ಕೆಲಸದ ಗಂಡಹೆಂಡತಿ ಆ ಕೋಣೆಗೆ ಬಂದರು.