ಗಂಡನ ಅಂಗಾಲು, ನನ್ನ ಇನ್ಸೋಲು

ಇಚಲಕರಂಜಿಯಲ್ಲಿ ನಮ್ಮದು ಹನ್ನೆರಡು ಕರೆಂಟಿನ ಮಗ್ಗಗಳ ಶೆಡ್ಡು. ಮಗ್ಗಗಳ ನಡುವೆ ದಿನವಿಡೀ ಓಡಾಡುವವರು ನಮ್ಮ ಮನೆಯವರು. ನಾನು ಹೊರಗಿನ ಕೋಣೆಯಲ್ಲಿ ನಿಂತು ಬಟ್ಟೆ ತಪಾಸಣೆ ಮಾಡುತ್ತೇನೆ. ಮಗ್ಗದ ಶೆಡ್ಡಿನೊಳಗೆ ಯಾರೂ ಚಪ್ಪಲಿ ಹಾಕುವಂತಿಲ್ಲ. ಅನ್ನ ಕೊಡುವ ಮಗ್ಗದ ಮುಂದೆ ಬರಿಗಾಲಲ್ಲೇ ನಿಲ್ಲಬೇಕೆಂಬುದು ಅತ್ತೆಯ ಕಾಲದ ಕಟ್ಟಳೆ. ಅತ್ತೆ ಹೋದ ಮೇಲೆ ಅದರ ಕಾವಲುಗಾರ್ತಿ ನಾನೇ. ಚಪ್ಪಲಿಯಲ್ಲಿ ಹೊಸ್ತಿಲು ದಾಟಿದ ಕೆಲಸಗಾರರನ್ನು ಎಷ್ಟು ಸಲ ಬೈದಿದ್ದೇನೋ ಲೆಕ್ಕವಿಲ್ಲ.

ಎರಡು ವರ್ಷದ ಹಿಂದೆ ನನಗೆ ಹಿಮ್ಮಡಿ ನೋವು ಶುರುವಾಯಿತು. ಬೆಳಿಗ್ಗೆ ಮೊದಲ ಹೆಜ್ಜೆ ಇಟ್ಟರೆ ಮೊಳೆ ತುಳಿದ ಹಾಗೆ. ನಾಲ್ಕು ಹೆಜ್ಜೆ ನಡೆದರೆ ಸಡಿಲ. ಕೊಲ್ಲಾಪುರದ ಅಂಗಡಿಯೊಂದರಲ್ಲಿ ಬೂಟಿನೊಳಗೆ ಹಾಕುವ ರೆಡಿಮೇಡ್ ಇನ್ಸೋಲು ತಂದೆ. ಜೊತೆಗೆ ದಿನಾ ಗೋಡೆಗೆ ಕೈಕೊಟ್ಟು ಮೀನಖಂಡ ಎಳೆಯುವ ವ್ಯಾಯಾಮ. ಎರಡು ತಿಂಗಳಲ್ಲಿ ನೋವು ಮುಕ್ಕಾಲು ಪಾಲು ಹೋಯಿತು. ಹೇಳಬೇಕೇ, ನಾನೇ ಡಾಕ್ಟರಾದೆ! ಕಾಲಿನ ಅಳತೆ ಕೊಟ್ಟು ಇನ್ಸೋಲು ಮಾಡಿಸಿಕೊಳ್ಳುವವರೆಲ್ಲ ಹುಚ್ಚರು ಎಂದು ಸಾರಿದೆ. ಮನೆಯವರಿಗೂ ಅಂಥದ್ದೇ ಒಂದು ಜೊತೆ ತಂದು ಬೂಟಿಗೆ ತುರುಕಿದೆ. ಅವರಿಗೆ ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ. ಕಾಲು ಜುಮ್ಮೆನ್ನುತ್ತದೆ ಎನ್ನುತ್ತಿದ್ದರು.

“ಭಾಳ ಬೆಸ್ಟ್ ಐತಿ,” ಎಂದರು ಒಂದು ತಿಂಗಳಾದ ಮೇಲೆ. “ಈಗ ಕಾಲಾಗ ಏನೂ ಅನ್ಸಂಗಿಲ್ಲ ನೋಡ.”

ನಾನು ಹಿಗ್ಗಿದೆ.

ನಾವು ಜೈನರು, ಹೊತ್ತು ಮುಳುಗುವ ಮೊದಲೇ ಊಟ. ಒಂದು ಸಂಜೆ ಅವರು ಚಕ್ಕಳಮಕ್ಕಳ ಹಾಕಿ ಕೂತಿದ್ದರು. ರೊಟ್ಟಿ ಬಡಿಸಲು ಬಗ್ಗಿದಾಗ ಅವರ ಎಡಗಾಲಿನ ಅಂಗಾಲಲ್ಲಿ ಏನೋ ಮಿನುಗಿತು. ಮಗ್ಗದ ತಂತಿಯ ಚೂರು, ಚರ್ಮದೊಳಗೆ ಹೊಕ್ಕು ಕೂತಿತ್ತು. ಸುತ್ತ ರಕ್ತ ಒಣಗಿತ್ತು.

“ಅಯ್ಯ ದೇವ್ರ! ಯಾವಾಗ ಚುಚ್ಚಿತ್ರಿ ಇದು?”

ಅವರು ಕಾಲೆತ್ತಿ ನೋಡಿಕೊಂಡರು. “ಏನ್ ಚುಚ್ಚೇತಿ?” ಎಂದರು.

ಅಂದೇ ಓಣಿಯ ಡಾಕ್ಟರ ಹತ್ತಿರ ತಂತಿ ತೆಗೆಸಿದೆವು. ಅವರು ಇಂಜೆಕ್ಷನ್ ಕೊಟ್ಟು, “ನಾಳೆನೇ ಕೊಲ್ಲಾಪುರಕ್ಕ ಹೋಗ್ರಿ, ಪಾದದ ಡಾಕ್ಟರ್‌ಗೆ ತೋರಸ್ರಿ,” ಎಂದರು. ಖರ್ಚಿನ ಮಾತು ನನ್ನ ಬಾಯಿಂದ ಬರಲೇ ಇಲ್ಲ.

ಪಾದದ ಡಾಕ್ಟರಬಾಯಿ ಬೆಳಗಾವಿ ಕಡೆಯವರು. ಮನೆಯವರಿಗೆ ಕಣ್ಣು ಮುಚ್ಚಲು ಹೇಳಿ, ಸಣ್ಣ ನೈಲಾನ್ ಎಳೆಯೊಂದನ್ನು ಅಂಗಾಲಿಗೆ ಒತ್ತಿದರು. ಮುಟ್ಟಿದ್ದು ಗೊತ್ತಾದರೆ ‘ಹೂಂ’ ಅನ್ನಬೇಕು. ಎಳೆ ಬಾಗುವಷ್ಟು ಒತ್ತಿದರು. ಹೆಬ್ಬೆರಳು, ಅದರ ಬುಡ, ನಡುವೆ. ಇವರು ಸುಮ್ಮನೆ ಕೂತಿದ್ದರು. ಕೊನೆಗೆ ಕಣ್ಣು ಮುಚ್ಚಿಕೊಂಡೇ ಕೇಳಿದರು:

“ಯಾವಾಗ ಚಾಲೂ ಮಾಡ್ತೀರ್ರಿ, ಬಾಯಾರ?”

ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ‘ಏನೂ ಅನ್ಸಂಗಿಲ್ಲ’ ಎಂದ ಮಾತಿಗೆ ಹಿಗ್ಗಿದ ನನ್ನ ಮೇಲೆ ನನಗೇ ಸಿಟ್ಟು ಬಂತು.

ಹೆಬ್ಬೆರಳಿನ ಬುಡದಲ್ಲಿ ಚರ್ಮ ದಪ್ಪಗಟ್ಟಿತ್ತು. ಡಾಕ್ಟರಬಾಯಿ ಅದನ್ನು ಬ್ಲೇಡಿನಿಂದ ಮೆಲ್ಲಗೆ ಹೆರೆದರು. ಕೆಳಗೆ ಕಪ್ಪು ರಕ್ತದ ಚುಕ್ಕೆ. “ಹಿಂಗ ಬಿಟ್ಟಿದ್ರ ಹುಣ್ಣ ಆಗ್ತಿತ್ತು. ಹುಣ್ಣ ಮಾಯದಿದ್ರ ಕಾಲಿಗೇ ಕುತ್ತು,” ಎಂದರು. ಆಮೇಲೆ ಮೆತ್ತಗಿನ ಫೋಮಿನ ಪೆಟ್ಟಿಗೆಯಲ್ಲಿ ಪಾದ ಒತ್ತಿಸಿ ಅಚ್ಚು ತೆಗೆದುಕೊಂಡರು. ಭಾರ ಒಂದೇ ಕಡೆ ಬೀಳದಂತೆ ಆ ಅಚ್ಚಿಗೆ ಸರಿಯಾಗಿ ಇನ್ಸೋಲು, ಅದು ಹಿಡಿಸುವಷ್ಟು ಆಳದ ಬೂಟು. ಬೆಲೆ ನನ್ನ ಇನ್ಸೋಲಿನ ಹತ್ತು ಪಟ್ಟು.

“ನಂದೂ ಒಂದ ಅಚ್ಚ ತಗೋರಿ,” ಎಂದೆ, ಹೆದರಿಕೆಯಲ್ಲೇ.

ಅವರು ನನ್ನ ಪಾದವನ್ನೂ ನೋಡಿದರು. “ನಿಮಗ್ಯಾಕ? ಕಡಿಮಿ ಆಗೇತಲ್ಲ. ಬರೇ ಹಿಮ್ಮಡಿ ನೋವಿಗೆ ಅಂಗಡೀದ ಸಾಕ. ಎರಡ್-ಮೂರ ತಿಂಗಳಾದ್ರೂ ಹೋಗಲಿಲ್ಲಂದ್ರ ಬರಬೇಕು. ಜುಮ್ಮಂದ್ರ, ಪಾದದ ಆಕಾರ ಬದಲಾದ್ರ, ಶುಗರ್ ಇದ್ರ ಮೊದಲ ತಪಾಸಣಿ, ಆಮ್ಯಾಲ ಇನ್ಸೋಲ.” ಆಮೇಲೆ ಇವರ ಕಡೆ ತಿರುಗಿದರು. “ಕೆಲಸದಾಗ ಈ ಬೂಟ ಎಷ್ಟ ತಾಸ ಹಾಕ್ಕೋತೀರಿ?”

ಇವರು ನನ್ನ ಮುಖ ನೋಡಿದರು. ನಾನೇ ಉತ್ತರ ಕೊಡಬೇಕಾಯಿತು.

“ಬೂಟ ಹೊಸ್ತಿಲದಾಚಿ ಇರತಾವ್ರಿ. ಒಳಗ ಬರಿಗಾಲ.”

“ಮತ್ತ ನಾ ಕೊಡೋದೂ ಹೊಸ್ತಿಲದಾಗ ಕುಂಡ್ರತೇತಿ,” ಎಂದರು ಅವರು.

ಆ ಚರ್ಮ ಹೆರೆದ ಜಾಗ ಒಣಗಿದ ಮೇಲೆ ಬೂಟು ಬಂತು. ಮೊದಲ ದಿನ ಒಂದೆರಡು ತಾಸು ಮಾತ್ರ, ಬಿಚ್ಚಿ ಕೆಂಪಾಗಿದೆಯೇ ನೋಡಿ, ದಿನಾ ಸ್ವಲ್ಪ ಹೆಚ್ಚಿಸಬೇಕು ಎಂದಿದ್ದರು ಡಾಕ್ಟರಬಾಯಿ. ಆ ಬೆಳಿಗ್ಗೆ ಮನೆಯವರು ಶೆಡ್ಡಿನ ಬಾಗಿಲಲ್ಲಿ ಬೂಟು ಕೈಯಲ್ಲಿ ಹಿಡಿದು ನಿಂತರು. ಒಳಗಿದ್ದ ಕೆಲಸಗಾರರು ನನ್ನ ಬಾಯಿಯನ್ನೇ ನೋಡುತ್ತಿದ್ದರು.

“ಅವ್ವ ಇದ್ದಿದ್ರ ಏನಂತಿದ್ಲು?” ಎಂದರು ಇವರು ಮೆಲ್ಲಗೆ.

“ಮಗನ ಕಾಲ ಹೋಗಲಿ ಅಂತಿದ್ಲೇನ್ರಿ? ಮಗ್ಗಕ್ಕ ನಾ ಕೈ ಮುಗಿದ ಹೇಳೇನಿ. ಹಾಕ್ಕೋರಿ.”

ಅವರು ಕೂತರು. ನಾನೇ ಬೂಟಿನೊಳಗೆ ಕೈಹಾಕಿ, ಏನಾದರೂ ಚೂರು ಬಿದ್ದಿದೆಯೇ ಎಂದು ತಡವಿ ನೋಡಿ, ಪಟ್ಟಿ ಬಿಗಿದೆ. ಆಮೇಲೆ ಕೆಲಸಗಾರರತ್ತ ತಿರುಗಿ ಕೂಗಿದೆ: “ನೀವೇನ ನೋಡಾಕತ್ತೀರಿ? ನಾಳಿಂದ ನೀವೂ ಚಪ್ಪಲಿ ಹಾಕ್ಕೊಂಡ ಬರ್ರಿ!”